ಮೂರೂ ಕಾಗದ ತಾಳೆಯಾದರೂ ಶೀಟ್ ಯಾಕೆ ಕಮ್ಮಿ ಬಂತು?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಫ್ಯಾಬ್ರಿಕೇಶನ್ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ ಸರ್. ನಾವು ಕೊಡೋ ಆರ್ಡರ್ ಅಂದರೆ ಪಿಒ, ಮಾಲು ಬಂದಾಗ ಸ್ಟೋರ್‌ನವರು ಬರೆಯೋ ಜಿಆರ್‌ಎನ್, ಸಪ್ಲೈಯರ್ ಬಿಲ್ ಮೂರೂ ತಾಳೆ ಆಗದೆ ಒಂದು ರೂಪಾಯಿ ಪೇಮೆಂಟೂ ಬಿಡೋದಿಲ್ಲ. ಆದರೂ ಮಾರ್ಚ್ ಸ್ಟಾಕ್ ಎಣಿಕೆಯಲ್ಲಿ ಎಂಎಸ್ ಉಕ್ಕಿನ ಶೀಟ್ 640 ಕೆಜಿ ಕಮ್ಮಿ ಬಂತು. ತಪ್ಪು ಎಲ್ಲಿ ಆಗ್ತಿದೆ? ಇನ್ನೊಂದು, ತಾಳೆ ಆಗದ ಬಿಲ್ ಬಂದರೆ ಪೂರ್ತಿ ಪೇಮೆಂಟ್ ತಡೆಹಿಡಿಯಬೇಕಾ?

ಉತ್ತರ:

ಮೊದಲು ಒಂದು ಕೆಲಸ ಮಾಡಿ. ಕಳೆದ ಆರು ತಿಂಗಳಲ್ಲಿ ಬಂದ ಶೀಟ್‌ನ ಜಿಆರ್‌ಎನ್‌ಗಳನ್ನು ತೆಗೆಯಿರಿ. ಪ್ರತಿಯೊಂದರ ಪಕ್ಕ ಅದರ ಬಿಲ್ ಇಡಿ. ಬೇರೇನೂ ನೋಡಬೇಡಿ, ತೂಕ ಮಾತ್ರ ನೋಡಿ.

ತೂಗಿ ತೆಗೆದುಕೊಳ್ಳುವ ಮಾಲಿನಲ್ಲಿ ಸಪ್ಲೈಯರ್ ತೂಕವೂ ನಮ್ಮ ತೂಕವೂ ಪ್ರತಿ ಸಲ ಕೆಜಿಗೆ ಕೆಜಿ ಒಂದೇ ಬರುವುದಿಲ್ಲ. ಅವರ ವೇಬ್ರಿಡ್ಜ್ ಬೇರೆ, ನೀವು ತೂಗಿಸುವ ವೇಬ್ರಿಡ್ಜ್ ಬೇರೆ. ಹತ್ತೋ ಇಪ್ಪತ್ತೋ ಕೆಜಿ ಆಚೀಚೆ ಆಗೇ ಆಗುತ್ತದೆ. ನಿಮ್ಮ ಫೈಲಿನಲ್ಲಿ ಎಲ್ಲ ಜಿಆರ್‌ಎನ್ ತೂಕವೂ ಬಿಲ್ ತೂಕವೂ ಒಂದೇ ಇದ್ದರೆ, ಅಲ್ಲಿ ಯಾರೂ ತೂಗಿಲ್ಲ ಎಂದೇ ಅರ್ಥ. ಇನ್ನೊಂದು ಗುರುತೂ ಇದೆ. ಲಾರಿ ತೂಗುವ ವೇಬ್ರಿಡ್ಜ್‌ಗಳು ಸಾಮಾನ್ಯವಾಗಿ 5 ಅಥವಾ 10 ಕೆಜಿ ಹಂತದಲ್ಲೇ ತೂಕ ತೋರಿಸುತ್ತವೆ. ಜಿಆರ್‌ಎನ್‌ನಲ್ಲಿ 4,973 ಕೆಜಿ ಎಂದು ಬರೆದಿದ್ದರೆ ಆ 3 ಎಲ್ಲಿಂದ ಬಂತು? ನಿಮ್ಮ ವೇಬ್ರಿಡ್ಜ್ ಅದನ್ನು ತೋರಿಸಿರಲು ಸಾಧ್ಯವೇ ಇಲ್ಲ. ಬಿಲ್‌ನಿಂದ ಇಳಿದು ಬಂದಿದೆ.

ನನ್ನ ಅಂದಾಜು, ನಿಮ್ಮಲ್ಲಿ ಆಗುತ್ತಿರುವುದು ಇದೇ. ಮೂರು ಕಾಗದ ತಾಳೆ ನೋಡುವುದಕ್ಕೆ ಬೆಲೆ ಬರುವುದು ಅವು ಮೂರು ಬೇರೆ ಕಡೆಯಿಂದ ಹುಟ್ಟಿದಾಗ ಮಾತ್ರ. ನಾವು ಏನು, ಯಾವ ದರಕ್ಕೆ ಕೇಳಿದೆವು ಎಂಬುದನ್ನು ಪಿಒ ಹೇಳುತ್ತದೆ. ಸಪ್ಲೈಯರ್ ಏನು ಕೊಟ್ಟೆ ಎನ್ನುತ್ತಾರೆ ಎಂಬುದನ್ನು ಬಿಲ್ ಹೇಳುತ್ತದೆ. ನಿಜವಾಗಿ ಒಳಗೆ ಬಂದದ್ದು ಏನು ಎಂದು ಹೇಳಬೇಕಾದದ್ದು ಜಿಆರ್‌ಎನ್ ಒಂದೇ. ಅದನ್ನು ಬಿಲ್ ನೋಡಿ ಬರೆದರೆ, ನೀವು ಬಿಲ್ಲನ್ನು ಬಿಲ್ಲಿನ ಜೊತೆಗೇ ತಾಳೆ ನೋಡಿದ ಹಾಗಾಗುತ್ತದೆ. ಅದು ಯಾವಾಗಲೂ ಸರಿಯಾಗೇ ಬರುತ್ತದೆ ಅಲ್ವಾ?

ಇದಕ್ಕೆ ಸ್ಟೋರ್‌ನವರ ಮೇಲೆ ಸಿಟ್ಟಾಗುವ ಮೊದಲು ಅವರ ಜಾಗದಲ್ಲಿ ನಿಂತು ನೋಡಿ. ಜಿಎಸ್‌ಟಿ ನಿಯಮದ ಪ್ರಕಾರ ಲಾರಿಯ ಜೊತೆ ಬಿಲ್ ಅಥವಾ ಡೆಲಿವರಿ ಚಲನ್ ಇರಲೇಬೇಕು. ಹೀಗಾಗಿ ಮಾಲು ಇಳಿಯುವ ಮೊದಲೇ ಸ್ಟೋರ್‌ನವರ ಕೈಗೆ ಉತ್ತರ ಬಂದುಬಿಡುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಘಟಕದಲ್ಲಿ ಶೀಟ್ ಲಾರಿ ಬರುತ್ತಿದ್ದದ್ದೇ ಸಂಜೆ ಆರರ ಮೇಲೆ. ಕ್ರೇನ್ ಆಪರೇಟರ್ ಮನೆಗೆ ಹೊರಡುವ ಹೊತ್ತು. ಡ್ರೈವರ್‌ಗೆ ಇನ್ನೊಂದು ಕಡೆ ಲೋಡ್ ಇಳಿಸುವುದಿರುತ್ತಿತ್ತು. ಒಂದು ದಿನ ಸ್ಟೋರ್‌ನ ಅಣ್ಣನನ್ನು ಕೇಳಿದೆ. ‘ಎಣಿಸೋಕೆ ಟೈಮೆಲ್ಲಿತ್ತು ಸರ್? ಬಿಲ್‌ನಾಗ ಏನಿತ್ತೋ ಅದನ್ನೇ ಬರೆದೆ’ ಅಂದರು. ಅವರು ಕಳ್ಳರಲ್ಲ. ಎಣಿಸುವುದಕ್ಕೆ ನಾವು ಹೊತ್ತೂ ಕೊಟ್ಟಿರಲಿಲ್ಲ, ಕಾರಣವನ್ನೂ ಕೊಟ್ಟಿರಲಿಲ್ಲ.

ಸಾಫ್ಟ್‌ವೇರ್ ಕೂಡ ಇದೇ ಅಭ್ಯಾಸ ಕಲಿಸುತ್ತದೆ. ಟ್ಯಾಲಿಯಲ್ಲಿ `Receipt Note` ತೆರೆದು ಆರ್ಡರ್ ನಂಬರ್ ಆರಿಸಿದರೆ, ಪಿಒದಲ್ಲಿ ಬಾಕಿಯಿರುವ ಪ್ರಮಾಣ ತಾನಾಗಿಯೇ ಬಂದು ಕೂರುತ್ತದೆ. ಎಸ್‌ಎಪಿಯಲ್ಲೂ ಹೀಗೇ, `MIGO` ಸ್ಕ್ರೀನ್ ಬಾಕಿ ಪ್ರಮಾಣವನ್ನು ತಾನೇ ತುಂಬಿಸುತ್ತದೆ. ಎಂಟರ್ ಒತ್ತುತ್ತಾ ಹೋದರೆ ಜಿಆರ್‌ಎನ್ ಸಿದ್ಧ. ಕಂಪ್ಯೂಟರ್‌ನಲ್ಲಿರುವ ಜಿಆರ್‌ಎನ್ ಎಂದ ಮಾತ್ರಕ್ಕೆ ಯಾರೋ ಎಣಿಸಿದ್ದಾರೆ ಎಂದುಕೊಳ್ಳಬೇಡಿ.

ಈಗ ಒಂದು ಲೋಡನ್ನು ಬಿಡಿಸಿ ನೋಡೋಣ. ಲೆಕ್ಕ ಅರ್ಥವಾಗಲಿ ಎಂದು ಅಂಕಿಗಳನ್ನು ನಾನೇ ಇಟ್ಟಿದ್ದೇನೆ.

ಪಿಒ ಹೀಗಿದೆ: 3 ಎಂಎಂ ದಪ್ಪದ ಎಚ್‌ಆರ್ ಶೀಟ್, ಅಳತೆ 2500 × 1250 ಎಂಎಂ, 5,000 ಕೆಜಿ, ಕೆಜಿಗೆ 58 ರೂಪಾಯಿ, ಮೇಲೆ 18% ಜಿಎಸ್‌ಟಿ. ಬಂದ ಬಿಲ್‌ನಲ್ಲಿ 5,080 ಕೆಜಿ, ದರ 58.50. ತೆರಿಗೆ ಸೇರಿ 3,50,672.40 ರೂಪಾಯಿ.

ಸ್ಟೋರ್‌ನವರು 5,080 ಎಂದೇ ಜಿಆರ್‌ಎನ್ ಮಾಡಿದರು ಎಂದುಕೊಳ್ಳಿ. ಪ್ರಮಾಣದಲ್ಲಿ 2%, ದರದಲ್ಲಿ 1% ವ್ಯತ್ಯಾಸವಿದ್ದರೂ ಪಾಸ್ ಮಾಡಬಹುದು ಎಂದು ನಿಮ್ಮ ಕಂಪನಿಯಲ್ಲಿ ವಿನಾಯ್ತಿ ಇದೆ ಎಂದೂ ಇಟ್ಟುಕೊಳ್ಳಿ. ತುಂಬಾ ಕಡೆ ಹೀಗೇ ಇರುತ್ತದೆ. 80 ಕೆಜಿ ಜಾಸ್ತಿ ಅಂದರೆ 1.6%, ಪಾಸ್. 50 ಪೈಸೆ ಜಾಸ್ತಿ ಅಂದರೆ 1%ಗಿಂತ ಕಮ್ಮಿ, ಅದೂ ಪಾಸ್. ಜಿಆರ್‌ಎನ್‌ಗೂ ಬಿಲ್‌ಗೂ ಚೂರೂ ವ್ಯತ್ಯಾಸವಿಲ್ಲ. ಪೇಮೆಂಟ್ ಹೋಯಿತು.

ಇನ್ನು ಅದೇ ಲೋಡನ್ನು ಎಣಿಸಿ ಇಳಿಸಿದರು ಎಂದುಕೊಳ್ಳಿ. ಬಂದದ್ದು 66 ಶೀಟ್. ನಮ್ಮ ತೂಕ 4,860 ಕೆಜಿ.

ಎಣಿಕೆ ಇದ್ದರೆ ತೂಕವನ್ನು ಪರೀಕ್ಷಿಸುವುದು ಸುಲಭ. ಒಂದು ಚದರ ಮೀಟರ್ ಉಕ್ಕು ಒಂದು ಎಂಎಂ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ಈ ಶೀಟ್ 3.125 ಚದರ ಮೀಟರ್, ದಪ್ಪ 3 ಎಂಎಂ. ಗುಣಿಸಿದರೆ ಒಂದು ಶೀಟಿಗೆ ಸುಮಾರು 73.6 ಕೆಜಿ. 66 ಶೀಟಿಗೆ 4,857 ಕೆಜಿ. ನಮ್ಮ ವೇಬ್ರಿಡ್ಜ್ ಹೇಳಿದ 4,860ಕ್ಕೆ ಕೂಡುತ್ತದೆ. ಈಗ ಬಿಲ್‌ನ 5,080 ಕೆಜಿಯನ್ನು 73.6ರಿಂದ ಭಾಗಿಸಿ. 69 ಶೀಟ್ ಬರುತ್ತದೆ. ಅಂದರೆ ತೂಕದ ಯಂತ್ರದ ಆಚೀಚೆ ಅಲ್ಲ ಇದು. ಮೂರು ಶೀಟ್ ನಮ್ಮ ಗೇಟಿನೊಳಗೆ ಬಂದೇ ಇಲ್ಲ. ಲೋಡ್ ಮಾಡುವಾಗಲೇ ಬಿಟ್ಟರೋ, ದಾರಿಯಲ್ಲಿ ಇಳಿಯಿತೋ, ಅದನ್ನು ಸಪ್ಲೈಯರ್ ಮತ್ತು ಟ್ರಾನ್ಸ್‌ಪೋರ್ಟ್‌ನವರು ನೋಡಿಕೊಳ್ಳಲಿ. ನಾವು ಹಣ ಕೊಡಬೇಕಾಗಿಲ್ಲ.

ಎಷ್ಟು ಕೊಡಬೇಕು? 4,860 ಕೆಜಿ × 58 = 2,81,880. 18% ಸೇರಿಸಿದರೆ 3,32,618.40. ಬಿಲ್‌ಗೂ ಇದಕ್ಕೂ ವ್ಯತ್ಯಾಸ ಸರಿಯಾಗಿ 18,054 ರೂಪಾಯಿ. ತೆರಿಗೆ ಬಿಟ್ಟರೆ ಇದರಲ್ಲಿ 12,870 ಕಮ್ಮಿ ಬಂದ ಮಾಲಿನದು, 2,430 ದರದ್ದು. ಇಂಥ ಮೂರು ಲೋಡ್ ಬಂದರೆ ನಿಮ್ಮ 640 ಕೆಜಿ ಮುಟ್ಟಿಯೇ ಬಿಡುತ್ತದೆ. ಒಂದು ಲೋಡಿನಲ್ಲಿ 220 ಕೆಜಿ ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ.

ಎಣಿಕೆಯೂ ಬೇಕು, ತೂಕವೂ ಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಶೀಟ್ 69 ಇದ್ದು ತೂಕ ಮಾತ್ರ ಕಮ್ಮಿ ಬಂದರೆ, ದಪ್ಪ ಕಮ್ಮಿ ಇದೆ ಎಂದು ಅನುಮಾನಿಸಬೇಕು. ಮೈಕ್ರೋಮೀಟರ್ ಹಿಡಿದರೆ 3 ಎಂಎಂ ಎನ್ನುವ ಶೀಟ್ 2.85 ತೋರಿಸಬಹುದು. ಆಗ ಅದು ಅಕೌಂಟ್ಸ್ ಪ್ರಶ್ನೆಯಲ್ಲ, ಕ್ವಾಲಿಟಿಯವರು ಒಪ್ಪಬೇಕೋ ಬೇಡವೋ ಎಂಬ ಪ್ರಶ್ನೆ. ಅದಕ್ಕೇ ಜಿಆರ್‌ಎನ್‌ನಲ್ಲಿ ಬಂದದ್ದು, ಒಪ್ಪಿದ್ದು, ತಿರಸ್ಕರಿಸಿದ್ದು ಎಂದು ಮೂರು ಕಾಲಂ ಇರಬೇಕು. ಬಿಲ್ಲನ್ನು ತಾಳೆ ನೋಡಬೇಕಾದದ್ದು ಒಪ್ಪಿದ್ದರ ಜೊತೆ, ಬಂದದ್ದರ ಜೊತೆ ಅಲ್ಲ. ಪಿಒದಲ್ಲೂ ಒಂದು ಸಾಲು ಸೇರಿಸಿ: ‘ನಮ್ಮ ಕಡೆಯ ವೇಬ್ರಿಡ್ಜ್ ತೂಕಕ್ಕೆ ಹಣ’. ಈ ಸಾಲು ಇಲ್ಲದಿದ್ದರೆ ಲೆಕ್ಕದ ತೂಕವೋ ತೂಗಿದ ತೂಕವೋ ಎಂದು ಪ್ರತಿ ಸಲ ಜಗಳ.

ಹಾಗಾದರೆ ಸ್ಟೋರ್‌ನಲ್ಲಿ ಏನು ಬದಲಾಗಬೇಕು? ಎಣಿಸಿ ಮುಗಿಯುವವರೆಗೆ ಬಿಲ್ ಸ್ಟೋರ್‌ನವರ ಕಣ್ಣಿಗೆ ಬೀಳಬಾರದು. ಗೇಟಿನಲ್ಲಿ ಸೆಕ್ಯುರಿಟಿಯವರು ಬಿಲ್ ಮೇಲೆ ಇನ್‌ವರ್ಡ್ ಸೀಲ್ ಹಾಕಿ, ನಂಬರ್, ತಾರೀಖು, ಸಮಯ ಬರೆದು ತಮ್ಮಲ್ಲೇ ಇಟ್ಟುಕೊಳ್ಳಲಿ. ಸ್ಟೋರ್‌ಗೆ ಹೋಗುವ ಚೀಟಿಯಲ್ಲಿ ಪಿಒ ನಂಬರ್, ಮಾಲಿನ ಹೆಸರು, ಅಳತೆ ಇರಲಿ. ಪ್ರಮಾಣದ ಜಾಗ ಖಾಲಿ ಇರಲಿ. ಅದನ್ನು ತುಂಬಬೇಕಾದರೆ ಎಣಿಸಲೇಬೇಕು.

ಶೀಟ್ ಎಣಿಸುವುದು ಕಷ್ಟವೇನಲ್ಲ. ಬಂಡಲ್ ಕೆಳಗಿಳಿದ ಮೇಲೆ ಅಂಚಿನ ಕಡೆ ಕೂತು, ಹತ್ತು ಶೀಟಿಗೊಂದು ಚಾಕ್‌ಪೀಸ್ ಗೆರೆ ಎಳೆಯುತ್ತಾ ಹೋದರೆ ಆಯಿತು. ಗೆರೆ ಎಣಿಸಿ, ಉಳಿದ ಬಿಡಿ ಶೀಟ್ ಸೇರಿಸಿ. ಐದು ಟನ್ ಲೋಡಿಗೆ ಹತ್ತು ಹದಿನೈದು ನಿಮಿಷ. ಅಂಚಿಗೆ ಟೇಪ್ ಹಿಡಿದು ಅಳೆದು ಬಿಡೋಣ ಎಂದು ಕೆಲವರು ಹೇಳುತ್ತಾರೆ. ಬೇಡ. ಮೂರು ಶೀಟ್ ಅಂದರೆ ಒಂಬತ್ತು ಎಂಎಂ ಅಷ್ಟೇ. ಶೀಟ್ ನಡುವಿನ ಸಂದು ಅಷ್ಟನ್ನು ಸುಲಭವಾಗಿ ಮುಚ್ಚಿಹಾಕುತ್ತದೆ.

ಆ ಎಣಿಕೆ ಚೀಟಿಯ ಮೇಲೆ ಡ್ರೈವರ್ ಸಹಿ ಹಾಕಿಸಿಕೊಳ್ಳಿ. ಕಮ್ಮಿ ಬಂದಿದ್ದರೆ ಲಾರಿಯವರು ವಾಪಸ್ ಒಯ್ಯುವ ಪ್ರತಿಯ ಮೇಲೂ ಕೈಬರಹದಲ್ಲಿ ‘66 ಶೀಟ್ ಬಂದಿದೆ’ ಎಂದು ಬರೆಯಿರಿ. ಲಾರಿ ಗೇಟ್ ದಾಟಿದ ಮೇಲೆ ನಾಳೆ ಬೆಳಿಗ್ಗೆ ಕಮ್ಮಿ ಬಂತು ಎಂದರೆ ಯಾರೂ ಒಪ್ಪುವುದಿಲ್ಲ. ಒಪ್ಪದೇ ಇರುವುದು ಅವರ ತಪ್ಪೂ ಅಲ್ಲ. ಕತ್ತಲಾದ ಮೇಲೆ ಲಾರಿ ಬಂದರೆ? ಇಳಿಸಿ, ಚೀಟಿಯಲ್ಲಿ ‘ಎಣಿಕೆ ಬಾಕಿ’ ಎಂದು ಡ್ರೈವರ್ ಎದುರೇ ಬರೆಯಿರಿ. ಬೆಳಿಗ್ಗೆ ಎಣಿಸುವವರೆಗೆ ಆ ಬಂಡಲ್‌ನ ಪಟ್ಟಿ ಬಿಚ್ಚಬೇಡಿ, ಶಾಪ್ ಫ್ಲೋರ್‌ಗೆ ಕೊಡಬೇಡಿ.

ವಿನಾಯ್ತಿಯ ಬಗ್ಗೆ ಎರಡು ಮಾತು. ಒಂದೇ 2% ಅನ್ನು ಎಲ್ಲದಕ್ಕೂ ಹಚ್ಚುವುದು ತಪ್ಪು, ಯಾಕೆಂದರೆ ಮೂರು ಕಡೆ ಮೂರು ಬೇರೆ ಪ್ರಶ್ನೆ ಇವೆ. ಪಿಒಗೂ ಜಿಆರ್‌ಎನ್‌ಗೂ ನಡುವಿನ ಪ್ರಶ್ನೆ, ಕೇಳಿದ್ದಕ್ಕಿಂತ ಎಷ್ಟು ಜಾಸ್ತಿ ಮಾಲನ್ನು ಒಳಗೆ ಬಿಡಬಹುದು ಎಂಬುದು. ಶೀಟ್ ಬಂಡಲ್ ಲೆಕ್ಕದಲ್ಲಿ ಬರುವುದರಿಂದ ಇಲ್ಲಿ 2% ಇಟ್ಟುಕೊಂಡರೆ ನಡೆಯುತ್ತದೆ. ಜಿಆರ್‌ಎನ್‌ಗೂ ಬಿಲ್‌ಗೂ ನಡುವೆ ಇರುವುದು ಎರಡು ವೇಬ್ರಿಡ್ಜ್‌ಗಳ ಆಚೀಚೆ ಮಾತ್ರ. ಅದಕ್ಕೆ ಐದು ಟನ್‌ಗೆ 20 ಕೆಜಿ ಸಾಕು. ದರ ಇದೆಯಲ್ಲ, ಅದಕ್ಕೆ ನಾನು ವಿನಾಯ್ತಿಯನ್ನೇ ಇಡುವುದಿಲ್ಲ. 58 ಎಂದು ಪಿಒದಲ್ಲಿ ಬರೆದ ಮೇಲೆ 58. ದರ ನಿಜವಾಗಿ ಏರಿದ್ದರೆ ಖರೀದಿಯವರು ಮಾಲು ಹೊರಡುವ ಮೊದಲೇ ಪಿಒ ತಿದ್ದಿ ಕೊಡಲಿ. ಬಿಲ್ ಬಂದ ಮೇಲೆ ತಿದ್ದಿದ ಪಿಒ ಬಂದರೆ ತಾರೀಖು ನೋಡಿ. ಬಿಲ್ ತಾರೀಖಿನ ನಂತರ ಹುಟ್ಟಿದ ಪಿಒ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಪೂರ್ತಿ ಪೇಮೆಂಟ್ ತಡೆಯಬೇಡಿ. 18 ಸಾವಿರದ ತಕರಾರಿಗೆ ಮೂರೂಕಾಲು ಲಕ್ಷ ಹಿಡಿದಿಟ್ಟರೆ ಮುಂದಿನ ಲೋಡ್ ನಿಲ್ಲುತ್ತದೆ, ನಿಮ್ಮ ಪ್ರೊಡಕ್ಷನ್ ನಿಲ್ಲುತ್ತದೆ. ಬಂದ ಮಾಲಿಗೆ ಹಣ ಕೊಡಿ, ಬಾರದ ಮಾಲಿಗೆ ಕ್ರೆಡಿಟ್ ನೋಟ್ ಕೇಳಿ.

ಪುಸ್ತಕದಲ್ಲಿ ಬಿಲ್ಲನ್ನು ಇದ್ದ ಹಾಗೇ 3,50,672.40ಕ್ಕೆ ಹಾಕಿ. ಅದರ ಜೊತೆಗೇ 18,054ಕ್ಕೆ ಡೆಬಿಟ್ ನೋಟ್ ಹಾಕಿ. ಇದರಲ್ಲಿ 2,754 ಜಿಎಸ್‌ಟಿ. ಆಗ ಸಪ್ಲೈಯರ್ ಖಾತೆಯಲ್ಲಿ 3,32,618.40 ಬಾಕಿ ಉಳಿಯುತ್ತದೆ, ಅವಧಿಗೆ ಅದನ್ನು ಕೊಟ್ಟುಬಿಡಿ. ಬಿಲ್ಲನ್ನೇ ಕಮ್ಮಿ ಮಾಡಿ ಬರೆಯಬೇಡಿ. ಜಿಎಸ್‌ಟಿಆರ್-2ಬಿಯಲ್ಲಿ ಪೂರ್ತಿ ಬಿಲ್ಲೇ ಕಾಣಿಸುತ್ತದೆ, ಆಮೇಲೆ ಒಂದಕ್ಕೊಂದು ಕೂಡುವುದಿಲ್ಲ. ಇನ್‌ಪುಟ್ ಕ್ರೆಡಿಟ್ ಮಾತ್ರ ಬಂದ ಮಾಲಿಗಷ್ಟೇ ತೆಗೆದುಕೊಳ್ಳಿ. ಮಾಲು ಕೈಸೇರದೆ ಕ್ರೆಡಿಟ್ ಇಲ್ಲ ಎಂದು ಕಾನೂನೇ ಹೇಳುತ್ತದೆ.

ಒಂದು ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನೀವು ಹಾಕಿದ ಡೆಬಿಟ್ ನೋಟ್ ನಿಮ್ಮ ಪುಸ್ತಕಕ್ಕೆ ಮಾತ್ರ. ಜಿಎಸ್‌ಟಿ ಲೆಕ್ಕದಲ್ಲಿ ಬಿಲ್ ಇಳಿಯಬೇಕಾದರೆ ಸಪ್ಲೈಯರ್ ಕ್ರೆಡಿಟ್ ನೋಟ್ ಕೊಟ್ಟು ತಮ್ಮ ರಿಟರ್ನ್‌ನಲ್ಲಿ ತೋರಿಸಬೇಕು. ಅವರಿಗೆ ಆ ತೆರಿಗೆ ವಾಪಸ್ ಸಿಗಬೇಕಾದರೆ, ಬಿಲ್ ಆದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ ತೋರಿಸಬೇಕು. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದರೆ ಗಡುವೂ ಮೊದಲೇ ಮುಗಿಯುತ್ತದೆ. ಅದು ದಾಟಿದರೆ ಅವರು ತೆರಿಗೆ ಭಾಗ ಬಿಟ್ಟುಕೊಡಲು ಒಪ್ಪುವುದಿಲ್ಲ.

ತಕರಾರು ಬರಹದಲ್ಲಿರಲಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ಬರೆದು ಮೇಲ್ ಮಾಡಿದರೆ ಸಾಕು:

‘ನಿಮ್ಮ ಬಿಲ್‌ನಲ್ಲಿ 5,080 ಕೆಜಿ ಇದೆ. ನಮ್ಮಲ್ಲಿ ಇಳಿದದ್ದು 66 ಶೀಟ್, 4,860 ಕೆಜಿ. ಪಿಒ ದರ 58, ಬಿಲ್ ದರ 58.50. ವೇಬ್ರಿಡ್ಜ್ ಚೀಟಿ ಮತ್ತು ಡ್ರೈವರ್ ಸಹಿ ಇರುವ ಎಣಿಕೆ ಚೀಟಿ ಜೊತೆಗಿದೆ. ತೆರಿಗೆ ಸೇರಿ 18,054 ರೂಪಾಯಿಗೆ ಕ್ರೆಡಿಟ್ ನೋಟ್ ಕಳಿಸಿ. ಉಳಿದ ಹಣ ಅವಧಿಗೆ ಸರಿಯಾಗಿ ಬರುತ್ತದೆ.’

ಇದನ್ನು ಮಾಲು ಬಂದ 15 ದಿನದೊಳಗೆ ಕಳಿಸಿ. ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಮೈಕ್ರೋ ಅಥವಾ ಸ್ಮಾಲ್ ಘಟಕವಾಗಿದ್ದರೆ 15 ದಿನ ಎಂಬುದು 2006ರ ಎಂಎಸ್‌ಎಂಇ ಕಾಯ್ದೆಯ ಮಾತು. ಅಷ್ಟರೊಳಗೆ ಬರಹದಲ್ಲಿ ತಕರಾರು ಹೋಗದಿದ್ದರೆ, ಮಾಲು ಬಂದ ದಿನವೇ ನೀವು ಒಪ್ಪಿಕೊಂಡ ಹಾಗೆ. ಅಲ್ಲಿಂದ ಪೇಮೆಂಟ್ ಗಡುವು ಶುರು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2023-24ರಿಂದ ಆದಾಯ ತೆರಿಗೆಯಲ್ಲೂ ಬಿಸಿ ಮುಟ್ಟುತ್ತದೆ. ಗಡುವು ಮೀರಿ ಬಾಕಿ ಉಳಿದ ಹಣವನ್ನು ಕೊಟ್ಟ ವರ್ಷವೇ ಖರ್ಚೆಂದು ತೋರಿಸಬೇಕು, ಕೊಂಡ ವರ್ಷ ಅಲ್ಲ.

ಇಲ್ಲಿ ಗಮನಿಸಿ: ನಿಮಗೆ ಶೀಟ್ ಕೊಡುವವರು ಬರೀ ಮಾರಾಟ ಮಾಡುವ ಸ್ಟಾಕಿಸ್ಟ್ ಆಗಿದ್ದರೆ, ಉದ್ಯಮ್ ಸರ್ಟಿಫಿಕೇಟ್ ಇದ್ದರೂ ಈ ಗಡುವಿನ ರಕ್ಷಣೆ ಅವರಿಗಿಲ್ಲ. ವ್ಯಾಪಾರಿಗಳಿಗೆ ಆ ನೋಂದಣಿ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಆದರೆ ಲೇಸರ್ ಕಟಿಂಗ್, ಪೌಡರ್ ಕೋಟಿಂಗ್ ಮಾಡಿಕೊಡುವ ಸಣ್ಣ ಘಟಕಗಳಿಗೆ ಪೂರ್ತಿ ಇದೆ. ಅವರ ಬಿಲ್ ಮೊದಲು ತಾಳೆ ನೋಡಿ.

ತಿಂಗಳಿಗೊಮ್ಮೆ ಟ್ಯಾಲಿಯಲ್ಲಿ `Purchase Bills Pending` ತೆರೆಯುವ ಅಭ್ಯಾಸ ಇಟ್ಟುಕೊಳ್ಳಿ. ಮಾಲು ಬಂದು ಬಿಲ್ ಬಾರದವು ಅದರಲ್ಲಿ ಒಂದು ಕಡೆ ಕಾಣುತ್ತವೆ, ಬಿಲ್ ಬಂದು ಮಾಲು ಬಾರದವು ಇನ್ನೊಂದು ಕಡೆ. ಎರಡನೇ ಪಟ್ಟಿಯಲ್ಲಿ ಎರಡು ತಿಂಗಳಿಗಿಂತ ಹಳೆಯದು ಏನಿದ್ದರೂ ಆ ದಿನವೇ ಫೋನ್ ಮಾಡಿ ಕೇಳಿ.

ಇಷ್ಟೆಲ್ಲ ಮಾಡಿದರೂ ಹಿಡಿಯಲಾಗದ್ದು ಒಂದಿದೆ. ಖರೀದಿಯವರು ಸಪ್ಲೈಯರ್ ಜೊತೆ ಸೇರಿ ಪಿಒದಲ್ಲೇ 58ರ ಬದಲು 61 ಬರೆದರೆ ಮೂರೂ ಕಾಗದ ಚೆನ್ನಾಗೇ ಕೂಡುತ್ತವೆ. ಅದಕ್ಕೆ ಬೇರೆ ಕೊಟೇಶನ್ ತರಿಸಿ ನೋಡುವುದೇ ದಾರಿ, ತಾಳೆಯಲ್ಲಿ ಅದು ಸಿಗುವುದಿಲ್ಲ.

ಕೊನೆಗೆ ನಿಮ್ಮ 640 ಕೆಜಿ. ಅಷ್ಟೂ ಗೇಟಿನಲ್ಲೇ ಹೋಯಿತು ಎಂದು ಈಗಲೇ ತೀರ್ಮಾನ ಮಾಡಬೇಡಿ. ಶೀಟ್ ಕತ್ತರಿಸಿದಾಗ ಉಳಿಯುವ ತುಂಡು, ಸ್ಕ್ರ್ಯಾಪ್ ಎರಡನ್ನೂ ತೂಗಿ ಬರೆದಿದ್ದೀರಾ ನೋಡಿ. ಸ್ಕ್ರ್ಯಾಪ್ ಮಾರಿದ ಚೀಟಿಗಳನ್ನು ಕೂಡಿಸಿ. ಎಷ್ಟು ಮಾಲು ಬಂತು, ಅದರಲ್ಲಿ ಎಷ್ಟು ಸಾಮಾನಾಯಿತು, ಎಷ್ಟು ಸ್ಕ್ರ್ಯಾಪ್ ಹೊರಟಿತು ಎಂದು ಲೆಕ್ಕ ಹಾಕಿದ ಮೇಲೂ ಉಳಿಯುವ ಕೊರತೆಯೇ ನಿಜವಾದ ಕೊರತೆ. ಆಮೇಲೆ, ತೂಕ ಬಿಲ್‌ನಿಂದ ಇಳಿದಿದೆ ಎಂದು ಗುರುತು ಹಾಕಿದ ಜಿಆರ್‌ಎನ್‌ಗಳಿಗೆ ಹಳೆಯ ವೇಬ್ರಿಡ್ಜ್ ಚೀಟಿ ಎಲ್ಲಾದರೂ ಸಿಗುತ್ತದಾ ಹುಡುಕಿ. ಸಿಕ್ಕಿದ್ದಕ್ಕೆ ಸಪ್ಲೈಯರ್ ಜೊತೆ ಮಾತಾಡಬಹುದು. ಸಿಗದ್ದನ್ನು ನಷ್ಟಕ್ಕೆ ಹಾಕಬೇಕಾಗುತ್ತದೆ, ಅದರ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ ಕೂಡ ವಾಪಸ್ ಮಾಡಬೇಕು. ಎಷ್ಟು, ಯಾವ ತಿಂಗಳಲ್ಲಿ ಎಂದು ನಿಮ್ಮ ಆಡಿಟರ್ ಜೊತೆ ಕೂತು ನಿರ್ಧರಿಸಿ, ವಾರ್ಷಿಕ ರಿಟರ್ನ್ ಹಾಕುವ ಮೊದಲೇ.